ಮಕ್ಕಳ ಜೊತೆ ಬಂದು ರಾತ್ರಿ ಕ್ಯಾಂಪ್‌ಫೈರ್ ಯಾಕ್ರೀ?

ಮೊನ್ನೆ ತೋಟದಲ್ಲಿ ಉಳಿಯೋಕೆ ಬೆಂಗಳೂರಿಂದ ಒಂದು ಕುಟುಂಬ ಬಂದಿತ್ತು, ಜೊತೆಗೆ ನಾಲ್ಕು ವರ್ಷದ ಮಗು. ರಾತ್ರಿ ಒಂಬತ್ತಕ್ಕೆ ಕ್ಯಾಂಪ್‌ಫೈರ್ ಬೇಕಂತೆ. ಆಗಲ್ಲ ಅಂದಿದ್ದಕ್ಕೆ 'ದುಡ್ಡು ಕೊಟ್ಟಿಲ್ವಾ?' ಅಂದ್ರು.

ಸ್ವಾಮಿ, ಇದು ಊರ್ಡಿಗೆರೆ. ಪಕ್ಕದಲ್ಲೇ ದೇವರಾಯನದುರ್ಗದ ಕಾಡು. 2019-20ರಲ್ಲಿ ನಮ್ಮ ತುಮಕೂರು, ಗುಬ್ಬಿ, ಕುಣಿಗಲ್ ಕಡೆ ಚಿರತೆ ಬಾಯಿಗೆ ಪುಟ್ಟ ಮಕ್ಕಳೂ ಸಿಕ್ಕಿದ್ದು ಮರೆತೇಹೋಯ್ತಾ?

ಬೆಂಕಿ ಇದ್ರೆ ಚಿರತೆ ಬರಲ್ಲ ಅಂತೀರಿ. ಆದ್ರೆ ಬೆಂಕಿ ಮುಂದೆ ಕೂತೋರಿಗೆ ಆಚೆ ಕತ್ತಲಲ್ಲಿ ಏನಿದೆ ಅಂತ ಕಾಣಲ್ಲ. ಕೋಳಿ ತಿಂದು ಮೂಳೆ ಎಸೀತೀರಿ. ಮೂಳೆಗೆ ನಾಯಿ ಬರ್ತವೆ, ನಾಯಿ ಹಿಂದೆ ಚಿರತೆ ಬರುತ್ತೆ. ನೆಲದಲ್ಲಿ ಕೂತು ಆಡೋ ಮಗು ಅದರ ಕಣ್ಣಿಗೆ ನಾಯಿಗಿಂತ ದೊಡ್ಡದೇನಲ್ಲ.

ನಮ್ಮಲ್ಲಿ ಸೀಬೆಹಣ್ಣು ಕೀಳೋದು ಬಿಸಿಲು ಬಂದ ಮೇಲೆ, ದೊಡ್ಡವರ ಜೊತೆ. ಕರುವಿಗೆ ಹುಲ್ಲು ಹಾಕೋ ಆಟ ಸಂಜೆ ಐದೂವರೆಗೆ ಮುಗೀಬೇಕು. ಆಮೇಲೆ ಕರು, ಮೇಕೆ ಎಲ್ಲಾ ಕೊಟ್ಟಿಗೆ ಒಳಗೆ, ಬಾಗಿಲು ಭದ್ರ. ಏಳಕ್ಕೆ ಮುದ್ದೆ, ಸೊಪ್ಪಿನ ಸಾರು. ಎಂಟಕ್ಕೆ ನಿದ್ದೆ. ಬೊಗಳ್ತಿದ್ದ ನಾಯಿ ತಟ್ಟನೆ ಬಾಲ ಮುದುರಿ ಒಳಗೆ ನುಗ್ಗಿದ್ರೆ, ಮಲಗಿದ್ದ ಹಸು ಎದ್ದು ಒಂದೇ ದಿಕ್ಕು ನೋಡ್ತಿದ್ರೆ, ಬಾಗಿಲು ತೆಗೀಲೇಬಾರದು.

ಆ ಮಗು ಎಂಟೂವರೆಗೇ ಮಲಗ್ತು. ಬೆಳಕು ಹರಿದ ಮೇಲೆ ಹಾಲು ಕರೆಯೋದು ನೋಡೋಕೆ ತಾನೇ ಎದ್ದು ಬಂತು. ಬೆಂಕಿ ಬೇಕಾಗಿದ್ದು ದೊಡ್ಡೋರಿಗೆ, ಮಗುವಿಗಲ್ಲ.

ಕ್ಯಾಂಪ್‌ಫೈರ್ ಅಂತ ಬೋರ್ಡ್ ಹಾಕೋ ತೋಟದ ಮಾಲೀಕರೇ, ನಿಮ್ಮ ಮೊಮ್ಮಗುವನ್ನ ಆ ಹೊತ್ತಲ್ಲಿ ಅಂಗಳಕ್ಕೆ ಬಿಡ್ತೀರಾ?