ಕೊನೆಯ ಹತ್ತು ಪರ್ಸೆಂಟ್

ಪೀಣ್ಯದ ಒಂದು ಸಣ್ಣ ವರ್ಕ್‌ಶಾಪ್‌ನವರು ವಿಎಂಸಿ ಯಂತ್ರಕ್ಕೆ ಕೊಟೇಶನ್ ತರಿಸಿದರೆ, ಕೊನೆಯ ಪುಟದಲ್ಲಿ ಬಹಳ ಸಲ ಇಂಥದೊಂದು ಸಾಲು ಇರುತ್ತದೆ: ಆರ್ಡರ್ ಜೊತೆ ಶೇ 30 ಮುಂಗಡ, ಉಳಿದ ಹಣ ತೆರಿಗೆ ಸಮೇತ ಡಿಸ್ಪ್ಯಾಚ್‌ಗೆ ಮುಂಚೆ. ಬೆಲೆಯಲ್ಲಿ ಐವತ್ತು ಸಾವಿರ ಇಳಿಸಲು ನಾಲ್ಕು ಸಲ ಫೋನ್ ಮಾಡುವವರೂ ಈ ಸಾಲನ್ನು ಕಂಡೂ ಕಾಣದಂತೆ ಒಪ್ಪಿಬಿಡುತ್ತಾರೆ. ಯಂತ್ರ ಲಾರಿ ಹತ್ತುವ ಹೊತ್ತಿಗೆ ಅವರ ಹಣ ಪೂರ್ತಿ ಹೋಗಿರುತ್ತದೆ. ಕೈಯಲ್ಲಿ ಇರುವುದು ಒಂದು ಇನ್‌ವಾಯ್ಸ್, ಜೊತೆಗೆ ‘ಇಂಜಿನಿಯರ್ ಕಳಿಸ್ತೀವಿ ಸರ್’ ಎಂಬ ಮಾತು.

ಇದನ್ನು ಕಂತುಗಳಾಗಿ ಒಡೆಯಿರಿ ಎಂದು ಕೇಳಿದರೆ ಮಾರುವವರು ಮೊದಲು ಹೇಳುವುದು ‘ನಮ್ಮ ಮೇಲೆ ನಂಬಿಕೆ ಇಲ್ಲವೇ?’ ಎಂದು. ನನ್ನ ಮಟ್ಟಿಗೆ ಇದು ನಂಬಿಕೆಯ ಪ್ರಶ್ನೆಯೇ ಅಲ್ಲ. ಯಾವ ದಿನ ಯಾರ ಹಣ ಎಷ್ಟು ಅಪಾಯದಲ್ಲಿದೆ ಎಂಬ ಲೆಕ್ಕ, ಅಷ್ಟೆ. ಆ ಲೆಕ್ಕ ಎರಡೂ ಕಡೆಗೆ ನ್ಯಾಯವಾಗಿದ್ದರೆ ಕಂತಿನ ಬೇಡಿಕೆ ನಿಲ್ಲುತ್ತದೆ. ಕೊಳ್ಳುವವರಿಗೆ ಮಾತ್ರ ಅನುಕೂಲವಾಗಿದ್ದರೆ ಮಾರುವವರು ಅದರ ಬಡ್ಡಿಯನ್ನು ಬೆಲೆಯೊಳಗೇ ಸೇರಿಸಿಬಿಡುತ್ತಾರೆ.

ಒಂದು ಲೆಕ್ಕ ಹಾಕೋಣ. ಯಂತ್ರದ ಬೆಲೆ 40 ಲಕ್ಷ, ಅದಕ್ಕೆ ಶೇ 18ರ ಜಿಎಸ್‌ಟಿ 7.20 ಲಕ್ಷ. ಕೊಳ್ಳುವವರು ಹೀಗೆ ಮುಂದಿಡಬಹುದು: ಆರ್ಡರ್ ಜೊತೆ 8 ಲಕ್ಷ, ತಯಾರಕರ ಕಾರ್ಖಾನೆಯಲ್ಲಿ ತಪಾಸಣೆ ಮುಗಿದ ಮೇಲೆ, ಲೋಡಿಂಗ್‌ಗೆ ಮುಂಚೆ, 24 ಲಕ್ಷ ಮತ್ತು ಪೂರ್ತಿ ಜಿಎಸ್‌ಟಿ, ಯಂತ್ರ ನಮ್ಮ ಶೆಡ್‌ನಲ್ಲಿ ಪೆಟ್ಟಾಗದೆ ಇಳಿದಾಗ 4 ಲಕ್ಷ, ಕಮಿಷನಿಂಗ್ ಆದ ಮೇಲೆ ಉಳಿದ 4 ಲಕ್ಷ. ಜಿಎಸ್‌ಟಿಯನ್ನೂ ಹಂಚಿಕೊಡಿ ಎಂದು ಹಟ ಹಿಡಿಯುವುದು ಸರಿಯಲ್ಲ. ಸರಕು ಗೇಟು ದಾಟುವಾಗಲೇ ಪೂರ್ತಿ ಮೊತ್ತಕ್ಕೆ ಇನ್‌ವಾಯ್ಸ್ ಹಾಕಬೇಕು, ನಮ್ಮಿಂದ ಹಣ ಬರಲಿ ಬಿಡಲಿ ಮಾರಿದವರು ತೆರಿಗೆ ಕಟ್ಟಲೇಬೇಕು. ನಮಗಾದರೋ ಅದು ಇನ್‌ಪುಟ್ ಕ್ರೆಡಿಟ್ ಆಗಿ ಬರುತ್ತದೆ.

ಈ ಪಟ್ಟಿಯಲ್ಲಿ ಮಾರುವವರು ಡಿಸ್ಪ್ಯಾಚ್ ದಿನವೇ ಯಂತ್ರದ ಬೆಲೆಯ ಶೇ 80 ಪಡೆದಿರುತ್ತಾರೆ. ಅವರ ಸಾಮಾನಿನ ಖರ್ಚು ಬಹುಮಟ್ಟಿಗೆ ಅದರಲ್ಲಿ ಬಂದಿರುತ್ತದೆ. ಮುಂಗಡ ಎಷ್ಟಿರಬೇಕೆಂಬುದು ಯಂತ್ರದ ಮೇಲೆ ಹೋಗುತ್ತದೆ. ಸ್ಟ್ಯಾಂಡರ್ಡ್ ವಿಎಂಸಿಯನ್ನು ನಾವು ಕೈಬಿಟ್ಟರೆ ಇನ್ನೊಬ್ಬರು ಕೊಳ್ಳುತ್ತಾರೆ, ಶೇ 20 ಸಾಕು. ನಮ್ಮ ಒಂದೇ ಜಾಬ್‌ಗಾಗಿ ಕಟ್ಟುವ ವಿಶೇಷ ಯಂತ್ರಕ್ಕೆ ಲೋಕದಲ್ಲಿ ಎರಡನೇ ಗಿರಾಕಿ ಇಲ್ಲ. ಅಲ್ಲಿ ಶೇ 30 ಕೇಳುವುದು ದುರಾಸೆಯಲ್ಲ. ಕೇಂದ್ರ ಸರ್ಕಾರದ ಹಣಕಾಸು ನಿಯಮಾವಳಿ (2017) ಕೂಡ ಫ್ಯಾಬ್ರಿಕೇಶನ್, ಟರ್ನ್‌ಕೀ ಗುತ್ತಿಗೆಗಳಲ್ಲಿ ಖಾಸಗಿ ಕಂಪನಿಗೆ ಶೇ 30ರವರೆಗೆ ಮುಂಗಡ ಕೊಡಲು ಬಿಡುತ್ತದೆ, ಆದರೆ ಬ್ಯಾಂಕ್ ಗ್ಯಾರಂಟಿಯಂಥ ರಕ್ಷಣೆ ಬೇಕೆನ್ನುತ್ತದೆ. ನಮ್ಮ 8 ಲಕ್ಷಕ್ಕೂ ಗ್ಯಾರಂಟಿ ಕೇಳಬಹುದು. ಆದರೆ ಸಣ್ಣ ತಯಾರಕರಿಗೆ ಅದು ಕಮಿಷನ್ ಖರ್ಚು ಮತ್ತು ಬ್ಯಾಂಕಿನಲ್ಲಿ ಸಿಕ್ಕಿಬೀಳುವ ಮಾರ್ಜಿನ್ ಹಣ. ನಾನಾದರೆ ಗ್ಯಾರಂಟಿ ಬಿಟ್ಟು ಮುಂಗಡವನ್ನೇ ಇನ್ನಷ್ಟು ಇಳಿಸಿಕೊಳ್ಳುತ್ತೇನೆ.

ನಿಜವಾದ ಜಗಳ ಇರುವುದು ಕೊನೆಯ 4 ಲಕ್ಷದಲ್ಲಿ. ಅದು ಎಷ್ಟಿರಬೇಕು? ಇಂಜಿನಿಯರ್‌ನನ್ನು ಎರಡು ಮೂರು ಸಲ ಕಳಿಸಿ ಕೆಲಸ ಮುಗಿಸುವ ಖರ್ಚಿಗಿಂತ ಸಾಕಷ್ಟು ಹೆಚ್ಚಿರಬೇಕು. ಇಲ್ಲದಿದ್ದರೆ ಬಾಕಿಯನ್ನು ಕೈಬಿಡುವುದೇ ಅವರಿಗೆ ಅಗ್ಗ. ಶೇ 2 ಹಿಡಿದಿಟ್ಟವರಿಗೆ ಆಗುವುದು ಇದೇ. ಶೇ 30 ಹಿಡಿದರೆ ಅವರ ಲಾಭವೆಲ್ಲ ನಮ್ಮ ಸಹಿಗೆ ಕಾಯುತ್ತಾ ಕೂರುತ್ತದೆ, ಆಗ ಅವರೂ ತಮ್ಮ ದಾರಿ ನೋಡಿಕೊಳ್ಳುತ್ತಾರೆ. ಬಾಕಿ ಬರದಿದ್ದರೆ ಇಂಥ ದಿನ ಯಂತ್ರ ನಿಲ್ಲುವಂತೆ ಕಂಟ್ರೋಲರ್‌ನಲ್ಲಿ ಟೈಮ್ ಲಾಕ್ ಹಾಕುವವರು ಇದ್ದಾರೆ. ಹಾಗಾಗಿ ಕೊನೆಯ ಕಂತು ಸಂದಾಯವಾದ ದಿನವೇ ಪಾಸ್‌ವರ್ಡ್, ಪ್ಯಾರಾಮೀಟರ್ ಬ್ಯಾಕಪ್ ನಮ್ಮ ಕೈಗೆ ಬರಬೇಕೆಂದು ಆರ್ಡರ್‌ನಲ್ಲೇ ಬರೆಯುವುದು ಒಳ್ಳೆಯದು.

ಮೊತ್ತಕ್ಕಿಂತ ಮುಖ್ಯ, ಕಮಿಷನಿಂಗ್ ಎಂದರೇನು ಎಂಬುದು. ಬಿಡಿಸಿ ಬರೆಯದಿದ್ದರೆ ಸ್ಪಿಂಡಲ್ ತಿರುಗಿದ ದಿನವೇ ಅವರ ಪಾಲಿಗೆ ಕಮಿಷನಿಂಗ್ ಆಯಿತು. ನಮಗೆ ಬೇಕಾದದ್ದು ನಮ್ಮ ಜಾಬ್. 40 ಎಂಎಂ ಬೋರ್ ಇರುವ ಅಲ್ಯುಮಿನಿಯಂ ಹೌಸಿಂಗ್ ಎಂದುಕೊಳ್ಳಿ, ಟಾಲರೆನ್ಸ್ H7, ಅಂದರೆ 40.000ರಿಂದ 40.025ರೊಳಗೆ. ನಡುವೆ ಆಫ್‌ಸೆಟ್ ತಿದ್ದದೆ ಸಾಲಾಗಿ 50 ಪೀಸ್ ಮಾಡಬೇಕು, ನಮ್ಮದೇ ಬೋರ್ ಗೇಜ್‌ನಲ್ಲಿ ಅಳೆಯಬೇಕು. ಎಲ್ಲವೂ ಮಿತಿಯೊಳಗೆ ಬಂದರೆ ಸಾಲದು. 24 ಮೈಕ್ರಾನ್ ಹರಡಿಕೊಂಡ ಯಂತ್ರವೂ ಇವತ್ತಿನ ಮಟ್ಟಿಗೆ ಪಾಸಾಗುತ್ತದೆ, ಬರುವ ತಿಂಗಳು ರಿಜೆಕ್ಷನ್ ಕೊಡುತ್ತದೆ. Cpk 1.67 ಎಂದು ಬರೆದರೆ ಆರು ಸಿಗ್ಮಾ ಹರವು ಹೆಚ್ಚೆಂದರೆ 15 ಮೈಕ್ರಾನ್ ಇರಬೇಕು, ಅದೂ ನಡುಮಧ್ಯದಲ್ಲಿ. ಸೈಕಲ್ ಟೈಮ್ ಸಹ ಒಪ್ಪಿದ್ದನ್ನು ಮೀರಬಾರದು. ಟ್ರಯಲ್ ಒಂದು ಪೂರ್ತಿ ಶಿಫ್ಟ್ ನಡೆಯಲಿ. ಬೆಳಿಗ್ಗೆ ತಣ್ಣಗಿದ್ದ ಸ್ಪಿಂಡಲ್ ಮಧ್ಯಾಹ್ನ ಕಾವೇರಿ ಹಿಗ್ಗುತ್ತದೆ, ಅಳತೆಗಳು ಒಂದೇ ದಿಕ್ಕಿಗೆ ಸರಿಯುತ್ತ ಹೋಗುತ್ತವೆ. ಮೊದಲ ಹತ್ತು ಪೀಸ್ ನೋಡಿ ಸಹಿ ಹಾಕಿದವರಿಗೆ ಇದು ಕಾಣುವುದೇ ಇಲ್ಲ.

ಮಾರುವವರ ಅಳಲೂ ಸುಳ್ಳಲ್ಲ. ಯಂತ್ರ ಬಂದು ಎರಡು ತಿಂಗಳಾದರೂ ಹೆಚ್ಚುವರಿ ವಿದ್ಯುತ್ ಲೋಡ್ ಮಂಜೂರಾಗಿಲ್ಲ, ಫೌಂಡೇಶನ್ ಒಣಗಿಲ್ಲ, ಟ್ರಯಲ್‌ಗೆ ಕಾಸ್ಟಿಂಗ್ ಬಂದಿಲ್ಲ. ತಪ್ಪು ಕೊಂಡವರದ್ದು, ಹಣ ನಿಂತದ್ದು ಮಾರಿದವರದ್ದು. ಇದಕ್ಕೆ ಒಂದು ಸಾಲು ಸೇರಿಸಲೇಬೇಕು: ನಮ್ಮ ಕಾರಣದಿಂದ ಕಮಿಷನಿಂಗ್ ತಡವಾದರೆ, ಯಂತ್ರ ಬಂದ 60ನೇ ದಿನ ಕೊನೆಯ ಕಂತು ಸಲ್ಲುತ್ತದೆ, ಇಂಜಿನಿಯರ್ ಬರುವ ಹೊಣೆ ಆಮೇಲೂ ಉಳಿಯುತ್ತದೆ. ಈ ಸಾಲನ್ನು ನಾವಾಗಿಯೇ ಬರೆದುಕೊಟ್ಟರೆ ಉಳಿದ ಮಾತು ಅರ್ಧ ಸಲೀಸಾಗುತ್ತದೆ.

ಮಾರುವವರು ಎಂಎಸ್‌ಎಂಇ ನೋಂದಣಿ ಇರುವ ಸಣ್ಣ ತಯಾರಕರಾದರೆ 60 ದಿನವೂ ಹೆಚ್ಚಾಯಿತು. 2006ರ ಕಾಯ್ದೆಯ ಪ್ರಕಾರ ಸರಕು ಒಪ್ಪಿಕೊಂಡ ದಿನದಿಂದ 45 ದಿನಕ್ಕಿಂತ ಮುಂದಕ್ಕೆ ಪಾವತಿಯನ್ನು ಒಪ್ಪಂದದಲ್ಲೂ ದೂಡುವಂತಿಲ್ಲ. ಯಂತ್ರ ಬಂದ 15 ದಿನದೊಳಗೆ ಬರಹದಲ್ಲಿ ಆಕ್ಷೇಪ ಹೇಳದಿದ್ದರೆ, ಬಂದ ದಿನವೇ ಒಪ್ಪಿಕೊಂಡಂತೆ. ಆದ್ದರಿಂದ ‘ಕೂಲಂಟ್ ಸೋರುತ್ತಿದೆ, ಟೂಲ್ ಚೇಂಜರ್ ಸಿಕ್ಕಿಕೊಳ್ಳುತ್ತಿದೆ’ ಎಂದು ಫೋನ್‌ನಲ್ಲಿ ಕೂಗಾಡಿದರೆ ಪ್ರಯೋಜನವಿಲ್ಲ, ಅದೇ ಎರಡು ಸಾಲು ಮೇಲ್‌ನಲ್ಲಿ ಹೋಗಿರಬೇಕು. ಕೆಲವರು ಕೊನೆಯ ಹತ್ತು ಪರ್ಸೆಂಟನ್ನು ವಾರಂಟಿ ಮುಗಿಯುವ ತನಕ, ವರ್ಷವಿಡೀ ಹಿಡಿದಿಡುತ್ತಾರೆ. ಅದು ಜಾಣತನವಲ್ಲ. ಇನ್‌ವಾಯ್ಸ್ ದಿನದಿಂದ 180 ದಿನದೊಳಗೆ ಹಣ ಕೊಡದಿದ್ದರೆ, ಬಾಕಿ ಉಳಿದ ಪಾಲಿನಷ್ಟು ಇನ್‌ಪುಟ್ ಕ್ರೆಡಿಟ್ಟನ್ನು ಬಡ್ಡಿ ಸಮೇತ ವಾಪಸ್ ಕಟ್ಟಬೇಕು. ವಾರಂಟಿಗೆ ಭದ್ರತೆ ಬೇಕಿದ್ದರೆ ಹಣ ಬಿಡುಗಡೆ ಮಾಡಿ, ಅಷ್ಟಕ್ಕೆ ಪರ್ಫಾರ್ಮೆನ್ಸ್ ಗ್ಯಾರಂಟಿ ಪಡೆಯುವುದೇ ಲೇಸು.

ಈ ಮಾತನ್ನೆಲ್ಲ ಯಾವಾಗ ಎತ್ತಬೇಕು? ಬೆಲೆ ಕುದುರಿದ ಮೇಲೆ ಎತ್ತಿದರೆ ಮೋಸ ಮಾಡಿದಂತೆ ಕಾಣುತ್ತದೆ, ಸೇಲ್ಸ್‌ನವರಿಗೆ ಒಪ್ಪುವ ಅಧಿಕಾರವೂ ಇರುವುದಿಲ್ಲ. ಕೊಟೇಶನ್ ಕೇಳುವ ಮೊದಲ ಪತ್ರದಲ್ಲೇ ನಾಲ್ಕು ಕಂತು, ಟ್ರಯಲ್‌ನ ಷರತ್ತು, 60 ದಿನದ ಮಿತಿ ಮೂರನ್ನೂ ಬರೆದು, ‘ಇದರ ಪ್ರಕಾರವೇ ಬೆಲೆ ಕೊಡಿ, ನಿಮ್ಮ ಷರತ್ತಿನ ಬೆಲೆ ಬೇರೆಯಿದ್ದರೆ ಅದನ್ನೂ ಪಕ್ಕದಲ್ಲಿ ಕೊಡಿ’ ಎನ್ನಬೇಕು. ಎರಡು ಬೆಲೆಗಳ ನಡುವಿನ ಅಂತರ 30 ಸಾವಿರ ಎಂದು ಬಂದರೆ ಕಣ್ಣುಮುಚ್ಚಿ ಕಂತು ಆರಿಸಿಕೊಳ್ಳಬಹುದು. ಎರಡು ಲಕ್ಷ ಎಂದು ಬಂದರೆ, 4 ಲಕ್ಷ ಬಾಕಿ ನಿಲ್ಲಿಸಿದ್ದಕ್ಕೆ ಅಷ್ಟು ಬೆಲೆ ಯಾಕೆಂದು ಅವರನ್ನೇ ಕೇಳಬೇಕು. ಬ್ಯಾಂಕಿನವರಿಗೂ ಸಾಲ ಮಂಜೂರಾಗುವ ಮುಂಚೆಯೇ ಹೇಳಿರಬೇಕು. ಪ್ರೊಫಾರ್ಮಾ ಇನ್‌ವಾಯ್ಸ್ ನೋಡಿ ಪೂರ್ತಿ ಮೊತ್ತವನ್ನು ಒಂದೇ ಸಲ ಮಾರುವವರ ಖಾತೆಗೆ ಹಾಕಿಬಿಟ್ಟರೆ, ಆರ್ಡರ್‌ನಲ್ಲಿ ಬರೆದ ಕಂತುಗಳೆಲ್ಲ ಕಾಗದದ ಮೇಲೆಯೇ ಉಳಿಯುತ್ತವೆ.