ಪೆನ್ಷನ್ನಿನ ಹಣ ಎಲ್ಲಿಂದ?

ಹಲಸೂರಿನ ನಿವೃತ್ತ ಗುಮಾಸ್ತರು ತಮ್ಮ ಪೆನ್ಷನ್ನನ್ನು ‘ನಾನು ಕೂಡಿಟ್ಟದ್ದು’ ಎನ್ನುವುದುಂಟು. ದುಡಿದದ್ದು ದಿಟ; ಕೂಡಿಟ್ಟ ಗಂಟು ಮಾತ್ರ ಎಲ್ಲಿಯೂ ಇಲ್ಲ. 2006ರ ಏಪ್ರಿಲ್ 1ಕ್ಕೆ ಮೊದಲು ರಾಜ್ಯ ಸರ್ಕಾರದ ಕೆಲಸಕ್ಕೆ ಸೇರಿದವರ ಪೆನ್ಷನ್ನು ಆಯಾ ವರ್ಷದ ಬೊಕ್ಕಸದಿಂದ, ಎಂದರೆ ಇಂದಿನವರು ತೆರುವ ತೆರಿಗೆಯಿಂದ ಸಲ್ಲುತ್ತದೆ. ಜರ್ಮನಿಯಲ್ಲಿ ಬಹುಪಾಲು ದುಡಿಯುವವರ ಸಂಬಳದಿಂದಲೇ ವಂತಿಗೆ ಹಿಡಿದು ಅದನ್ನು ಇಂದಿನ ವೃದ್ಧರಿಗೆ ಹಂಚುತ್ತಾರೆ.

ವಾಚಕರು ಲೆಕ್ಕವನ್ನಿಷ್ಟು ನೋಡಬೇಕು. ಪೆನ್ಷನ್ನು ಸಂಬಳದ ಅರ್ಧವೆನ್ನೋಣ. ವೃದ್ಧರೊಬ್ಬರಿಗೆ ದುಡಿಯುವವರು ನಾಲ್ವರಿದ್ದರೆ ತಲಾ ವಂತಿಗೆ ಸಂಬಳದ ಎಂಟನೆಯ ಒಂದು ಪಾಲು. ಹಳೆಯ ಮಾತಿನಲ್ಲಿ ರೂಪಾಯಿಗೆ ಎರಡಾಣೆ. ಮನೆಗಳಲ್ಲಿ ಮಕ್ಕಳು ಕಡಮೆಯಾಗಿ, ಹಿರಿಯರ ಆಯುಸ್ಸು ಬೆಳೆದು, ದುಡಿಯುವವರು ಇಬ್ಬರೇ ಉಳಿದರೆ ಅದು ನಾಲ್ಕಾಣೆ. ಯಾರೂ ಕದಿಯದೆಯೇ ಹೊರೆ ಇಮ್ಮಡಿಸಿತು! ಆಗ ವಂತಿಗೆಯನ್ನು ಏರಿಸಬೇಕು, ಪೆನ್ಷನ್ನನ್ನು ಇಳಿಸಬೇಕು, ಇಲ್ಲವೆ ನಿವೃತ್ತಿಯ ವಯಸ್ಸನ್ನು ಮುಂದೂಡಬೇಕು.

2006ರಿಂದೀಚೆಗೆ ಸೇರಿದ ನೌಕರರಿಗೆ ನಮ್ಮ ಸರ್ಕಾರ ಬೇರೆ ದಾರಿ ಹಿಡಿಯಿತು: ಸಂಬಳದ ಶೇಕಡಾ 10ರಷ್ಟು ಅವರವರದೇ ಖಾತೆಗೆ, ಜೊತೆಗೆ ಸರ್ಕಾರದ ಪಾಲು. ತೊಡಕೂ ಇಲ್ಲಿಯೇ. ಹಿಂದಿನವರ ಪೆನ್ಷನ್ನು ನಿಲ್ಲುವಂತಿಲ್ಲ; ಹೊಸಬರ ಖಾತೆಗೂ ಈಗಲೇ ತುಂಬಬೇಕು. ಹಿಂದಿನ ಪೆನ್ಷನ್ನುಗಳೆಲ್ಲ ತೀರುವ ತನಕ ಬೊಕ್ಕಸವು ಎರಡು ತಲೆಮಾರಿನ ಮುಪ್ಪಿಗೆ ಒಮ್ಮೆಗೇ ಹಣ ತೆರುತ್ತಿರಬೇಕು.