ಮುಚ್ಚೋಕೆ ಕ್ಲೋಸರ್, ತಡೆಯೋಕೆ ಸ್ಟಾಪರ್

ಹಳೇ ಮನೆ ಖಾಲಿ ಮಾಡಿದ ದಿನ ಓನರ್ ಅಂಕಲ್ ಒಂದೊಂದೇ ರೂಮು ನೋಡ್ತಾ ಬಂದು, ಕೊನೆಗೆ ಮುಂಬಾಗಿಲನ್ನ ಗೋಡೆಯವರೆಗೂ ತಳ್ಳಿದರು. ಹ್ಯಾಂಡಲ್‌ನ ತುದಿ ಗೋಡೆಯಲ್ಲಿದ್ದ ಗುಂಡಿಯೊಳಗೆ, ಅಳತೆ ಕೊಟ್ಟು ಮಾಡಿಸಿದ ಹಾಗೆ, ಸರಿಯಾಗಿ ಹೋಗಿ ಕೂತಿತು.

"ಇದೇನಮ್ಮಾ ಇದು?" ಅಂದರು.

ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿಯೋದು ಮೊದಲೇ ಗೊತ್ತಿತ್ತು. ಅದರ ಮೇಲೆ ಗಾರೆ ಕೆಲಸಕ್ಕೆ ಅಂತ ಇನ್ನೂ ಎರಡೂವರೆ ಸಾವಿರ ಅಡ್ವಾನ್ಸ್‌ನಲ್ಲಿ ಹೋಯಿತು. "ಅಂಕಲ್, ನಾನೇ ದುಡ್ಡು ಹಾಕಿ ಹೈಡ್ರಾಲಿಕ್ ಕ್ಲೋಸರ್ ಹಾಕಿಸಿದ್ದೆನಲ್ಲಾ" ಅಂತ ವಾದ ಮಾಡಿದೆ. ಅವರು ನಕ್ಕು, "ಅದು ಬಾಗಿಲು ಮುಚ್ಚೋಕೆ ಕಣಮ್ಮಾ, ತೆಗೆಯೋದನ್ನ ಅದು ತಡೆಯುತ್ತಾ?" ಅಂದರು.

ತಡೆಯಲ್ಲ. ಇದು ನನಗೆ ಎರಡೂವರೆ ಸಾವಿರ ಕೊಟ್ಟ ಮೇಲೆ ಅರ್ಥವಾಯಿತು.

ಬಾಗಿಲ ಮೇಲ್ಭಾಗದಲ್ಲಿ ಕೂರುವ ಆ ಉದ್ದ ಡಬ್ಬಿಯೊಳಗೆ ಒಂದು ಸ್ಪ್ರಿಂಗ್ ಇದೆ, ಎಣ್ಣೆ ಇದೆ. ನಾವು ಬಾಗಿಲು ತೆಗೆದಾಗ ಸ್ಪ್ರಿಂಗ್ ಬಿಗಿಯಾಗುತ್ತದೆ. ಕೈ ಬಿಟ್ಟರೆ ಅದೇ ಸ್ಪ್ರಿಂಗ್ ಬಾಗಿಲನ್ನ ವಾಪಸ್ ಎಳೆಯುತ್ತದೆ. ಆಗ ಎಣ್ಣೆ ಸಣ್ಣ ದಾರಿಯಲ್ಲಿ ನುಸುಳಿ ಹೋಗಬೇಕಾಗಿರುವುದರಿಂದ ಬಾಗಿಲು ಧಡ್ ಅನ್ನದೆ ನಿಧಾನವಾಗಿ ಬರುತ್ತದೆ. ಆದರೆ ತೆಗೆಯುವಾಗ ಎಣ್ಣೆಗೆ ಬೇರೆ ದೊಡ್ಡ ದಾರಿ ಉಂಟು, ಅಲ್ಲಿ ತಡೆಯೇ ಇಲ್ಲ. ಹಾಗಾಗಿ ಕೈಯಲ್ಲಿ ತರಕಾರಿ ಚೀಲ ಹಿಡಿದು ಭುಜದಿಂದ ನೂಕಿದರೂ ಅಷ್ಟೇ, ಆಷಾಢದ ಗಾಳಿ ನೂಕಿದರೂ ಅಷ್ಟೇ, ಬಾಗಿಲು ನೇರ ಗೋಡೆಗೇ ಹೋಗಿ ಬಡಿಯುತ್ತದೆ. ಸ್ವಲ್ಪ ದುಬಾರಿ ಕ್ಲೋಸರ್‌ಗಳಲ್ಲಿ ಬ್ಯಾಕ್‌ಚೆಕ್ ಅಂತ ಇನ್ನೊಂದು ಸ್ಕ್ರೂ ಇರುತ್ತದೆ. ಅದು ಬಾಗಿಲು ತುಂಬಾ ತೆರೆದುಕೊಂಡಾಗ ವೇಗ ತಗ್ಗಿಸುತ್ತದೆ, ಪೂರ್ತಿ ನಿಲ್ಲಿಸುವುದಿಲ್ಲ. ನಿಲ್ಲಿಸುವ ಕೆಲಸ ಸ್ಟಾಪರ್‌ದೇ. ಸ್ಟಾಪರ್ ಇಲ್ಲದಿದ್ದರೆ ಗೋಡೆ ಮಾತ್ರ ಅಲ್ಲ, ಕ್ಲೋಸರ್‌ನ ತೋಳೂ ಅತಿಯಾಗಿ ಚಾಚಿ ಬಾಗಬಹುದು, ಚೌಕಟ್ಟಿಗೆ ಹಾಕಿದ ಸ್ಕ್ರೂ ಕಿತ್ತು ಬರಬಹುದು.

ಹೊಸ ಮನೆಗೆ ಬಂದ ವಾರವೇ ಬುದ್ಧಿವಂತಳಾಗಿ ಕಾರ್ಪೆಂಟರ್ ಕರೆಸಿ ನೆಲಕ್ಕೆ ಸ್ಟಾಪರ್ ಹಾಕಿಸಿದೆ. "ಮೇಡಂ, ಮೂಲೇಲಿ ಹಾಕ್ತೀನಿ, ಕಾಲಿಗೆ ತಾಗಲ್ಲ" ಅಂದರು. ಸರಿ ಅಂದೆ. ಗೋಡೆ ಉಳಿಯಿತು. ಆದರೆ ಎರಡು ತಿಂಗಳಲ್ಲಿ ಬಾಗಿಲು ಜೋತುಬಿದ್ದು ಚಿಲಕ ಕೂರದ ಹಾಗಾಯಿತು. ನೋಡಿದರೆ ಮೇಲಿನ ಕೀಲಿನ ಸ್ಕ್ರೂಗಳು ಸಡಿಲವಾಗಿ ಅರ್ಧ ಹೊರಗೆ ಬಂದಿದ್ದವು.

ಉದ್ದ ಸ್ಕ್ರೂ ತರೋಕೆ ಹೋದಾಗ ಹಾರ್ಡ್‌ವೇರ್ ಅಂಗಡಿಯವರು ಕೇಳಿದ ಮೊದಲ ಪ್ರಶ್ನೆ: "ಸ್ಟಾಪರ್ ಎಲ್ಲಿದೆ?" ಕೀಲಿನಿಂದ ಒಂದು ಗೇಣಿಗಿಂತ ಸ್ವಲ್ಪ ದೂರ ಅಂದೆ. "ಹಾಗಾದ್ರೆ ನಿಮ್ಮ ಬಾಗಿಲು ಹಾರೆ ಆಗಿದೆ, ಮೇಡಂ" ಅಂದರು.

ಮನೆಗೆ ಬಂದು ಟೇಪ್ ಹಿಡಿದೆ. ಕೀಲಿನಿಂದ ಹ್ಯಾಂಡಲ್ 33 ಇಂಚು, ಸ್ಟಾಪರ್ 11 ಇಂಚು. ಅಂದರೆ ಹ್ಯಾಂಡಲ್ ಹತ್ತಿರ ನೂಕಿದ ಬಲ ಸ್ಟಾಪರ್ ಮೇಲೆ ಮೂರು ಪಟ್ಟಾಗಿ ಬೀಳುತ್ತಿತ್ತು. ಸ್ಟಾಪರ್ ಅಲ್ಲಾಡದೆ ನಿಂತಾಗ, ಎರಡು ಪಟ್ಟು ಬಲ ಕೀಲನ್ನ ಚೌಕಟ್ಟಿನಿಂದ ಕೀಳೋಕೆ ಎಳೆಯುತ್ತಿತ್ತು. ಕಲ್ಲು ಮೀಟುವಾಗ ಹಾರೆಯ ಕೆಳಗೆ ಗುಂಡುಕಲ್ಲು ಇಡುತ್ತಾರಲ್ಲ, ಸ್ಟಾಪರ್ ಆ ಗುಂಡುಕಲ್ಲಿನ ಕೆಲಸ ಮಾಡುತ್ತಿತ್ತು. ಅದೇ ಸ್ಟಾಪರನ್ನ 30 ಇಂಚಿನಲ್ಲಿ ಹಾಕಿದ್ದರೆ ಕೀಲಿಗೆ ಬೀಳುವ ಎಳೆತ ನಾವು ನೂಕಿದ ಬಲದ ಹತ್ತನೇ ಒಂದು ಭಾಗ ಮಾತ್ರ. ಊರಿನ ಮನೆಯಲ್ಲಿ ಅಜ್ಜಿ ರುಬ್ಬುಗುಂಡನ್ನ ಯಾವಾಗಲೂ ಬಾಗಿಲ ತುದಿಗೇ ಒರಗಿಸಿ ಇಡುತ್ತಿದ್ದದ್ದು ಆಗ ನೆನಪಾಯಿತು.

ಎರಡನೇ ಸಲ ನಾನೇ ಗುರುತು ಹಾಕಿದೆ. ಹ್ಯಾಂಡಲ್ ಗೋಡೆಯಿಂದ ಒಂದು ಇಂಚು ದೂರ ಇರುವಷ್ಟು ಬಾಗಿಲು ತೆಗೆದು, ಹಾಗೇ ಹಿಡಿದುಕೊಂಡು, ಬಾಗಿಲ ಹಿಂಭಾಗದ ಅಂಚಿನ ಕೆಳಗೆ ನೆಲದ ಮೇಲೆ ಪೆನ್ಸಿಲ್ ಗೆರೆ ಎಳೆದೆ. ಸ್ಟಾಪರ್‌ನ ರಬ್ಬರ್ ಮುಖ ಈ ಗೆರೆಗೆ ಬರಬೇಕು. ಗೆರೆಯ ಮೇಲೆ, ಬಾಗಿಲ ತುದಿಯಿಂದ ಐದಾರು ಇಂಚು ಒಳಗೆ ಒಂದು ಗುರುತು. ಬಾಗಿಲು ತೆಗೆದಾಗ ಗೋಡೆ ಪಕ್ಕದಲ್ಲೇ ಇರುವ ಜಾಗ ಅದು, ಕಾಲಿಗೆ ತಾಗುವ ಮಾತೇ ಇಲ್ಲ. ಅಂಗಡಿಗೆ ಹೋಗುವ ಮುಂಚೆ ಬಾಗಿಲಿಗೂ ನೆಲಕ್ಕೂ ನಡುವಿನ ಸಂದಿ ಅಳೆಯುವುದನ್ನ ಮರೆಯಬೇಡಿ. ಸ್ಟಾಪರ್‌ನ ರಬ್ಬರ್ ಆ ಸಂದಿಗಿಂತ ಎತ್ತರ ಇಲ್ಲದಿದ್ದರೆ ಬಾಗಿಲು ಅದರ ಮೇಲೇ ಹಾದು ಹೋಗುತ್ತದೆ.

ಟೈಲ್ಸ್ ಕೊರೆಯುವಾಗ ಗುರುತಿನ ಮೇಲೆ ಪೇಪರ್ ಟೇಪ್ ಅಂಟಿಸಿದರೆ ಬಿಟ್ ಜಾರುವುದಿಲ್ಲ. ಟೈಲ್ಸ್ ದಾಟುವವರೆಗೆ ಡ್ರಿಲ್‌ನ ಹ್ಯಾಮರ್ ಆಫ್ ಇರಲಿ, ಬಿಟ್ ಟೈಲ್ಸ್‌ದೇ ಇರಲಿ. ನಡುನಡುವೆ ನಾಲ್ಕು ಹನಿ ನೀರು ಹಾಕಿ, ಡ್ರಿಲ್‌ಗೆ ಮಾತ್ರ ತಾಗಬಾರದು. ಹ್ಯಾಮರ್ ಹಾಕಿದರೆ ಟೈಲ್ಸ್ ಬಿರುಕು ಬಿಡುತ್ತದೆ, ಆಮೇಲೆ ಗೋಡೆಯ ಗುಂಡಿಯೇ ಅಗ್ಗ ಅನ್ನಿಸುತ್ತದೆ. ಬಾಡಿಗೆ ಮನೆಯಾದರೆ ಕೊರೆಯುವ ಮುಂಚೆ ಓನರ್‌ಗೆ ವಾಟ್ಸಾಪ್‌ನಲ್ಲಿ ಒಂದು ಮಾತು ಕೇಳಿ, ಉತ್ತರ ಬರಹದಲ್ಲೇ ಇರಲಿ.

ಅವರು ಬೇಡ ಅಂದರೆ, ಹ್ಯಾಂಡಲ್ ಬಡಿಯುವ ಜಾಗಕ್ಕೇ ಗೋಡೆಯ ಮೇಲೆ ಅಂಟಿಸುವ ದಪ್ಪ ರಬ್ಬರ್ ಬಿಲ್ಲೆ ಸಿಗುತ್ತದೆ. ಗೋಡೆ ಒರೆಸಿ, ಚೆನ್ನಾಗಿ ಒಣಗಿಸಿ ಅಂಟಿಸಬೇಕು. ದಿನಬಳಕೆಯ ಪೆಟ್ಟಿಗೆ ಅದು ಸಾಕು. ಜೋರು ಗಾಳಿಗೆ ಸಾಲದು, ಪೆಟ್ಟೆಲ್ಲ ಒಂದೇ ಬಿಂದುವಿಗೆ ಬೀಳುತ್ತದೆ. ಮೊದಲೇ ಗುಂಡಿ ಬಿದ್ದಿದ್ದರೆ ಸಡಿಲ ಗಾರೆ ಕೆರೆದು, ಪುಟ್ಟಿ ತುಂಬಿ, ಒಣಗಿದ ಮೇಲೆ ಅಂಟಿಸಿ. ಪುಡಿಯುದುರುವ ಗೋಡೆಗೆ ಏನೂ ಅಂಟುವುದಿಲ್ಲ. ಬಿಲ್ಲೆ ತೆಗೆಯುವಾಗ ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ ಮೆಲ್ಲಗೆ ಎಬ್ಬಿಸಿ, ಇಲ್ಲದಿದ್ದರೆ ಜೊತೆಗೆ ಬಣ್ಣವೂ ಎದ್ದು ಬರುತ್ತದೆ.

ಇನ್ನು ಕ್ಲೋಸರ್. ಅದರಲ್ಲಿ ಸಾಮಾನ್ಯವಾಗಿ ಎರಡು ಸಣ್ಣ ಸ್ಕ್ರೂ ಇರುತ್ತವೆ. ಒಂದು ಬಾಗಿಲು ಬರುವ ವೇಗಕ್ಕೆ, ಇನ್ನೊಂದು ಕೊನೆಯ ಕೆಲವು ಇಂಚಿನಲ್ಲಿ ಚಿಲಕ ಕೂರುವ ವೇಗಕ್ಕೆ. ಬಲಕ್ಕೆ ತಿರುಗಿಸಿದರೆ ನಿಧಾನ, ಎಡಕ್ಕೆ ತಿರುಗಿಸಿದರೆ ಜೋರು. ಒಂದು ಸಲಕ್ಕೆ ಗಡಿಯಾರದ ಮುಳ್ಳು ಐದು ನಿಮಿಷ ಸರಿದಷ್ಟೇ ತಿರುಗಿಸಿ, ಬಾಗಿಲು ಬಿಟ್ಟು ನೋಡಿ. ಸ್ಕ್ರೂ ಪೂರ್ತಿ ಹೊರಗೆ ಬಂದರೆ ಎಣ್ಣೆ ಸುರಿಯುತ್ತದೆ. ಬಾಗಿಲ ಮೇಲೆ ಎಣ್ಣೆಯ ಗೆರೆ ಇಳಿದಿದ್ದು, ಎಷ್ಟು ತಿರುಗಿಸಿದರೂ ಬಾಗಿಲು ಧಡಾರ್ ಅಂದರೆ ಅದರ ಆಯಸ್ಸು ಮುಗಿಯಿತು ಅಂತಲೇ. ಎಣ್ಣೆ ತುಂಬಿಸಿ ಕೊಡ್ತೀನಿ ಅನ್ನುವವರ ಮಾತು ಕೇಳದೆ ಹೊಸದು ಹಾಕಿಸಿ.

ಈಗ ನಮ್ಮ ಮುಂಬಾಗಿಲು ತೆಗೆದರೆ 'ಟಪ್' ಅಂತ ರಬ್ಬರಿಗೆ ತಾಗಿ ನಿಲ್ಲುತ್ತದೆ, ಬಿಟ್ಟರೆ ಐದಾರು ಸೆಕೆಂಡಿನಲ್ಲಿ ಮುಚ್ಚಿಕೊಳ್ಳುತ್ತದೆ. ಮೊನ್ನೆ ಈ ಓನರ್ ಆಂಟಿ ಬಂದಾಗ ಬಾಗಿಲ ಹಿಂದೆ ಇಣುಕಿ ನೋಡಿದರು. ಅಲ್ಲಿ ನೋಡೋಕೆ ಏನೂ ಇರಲಿಲ್ಲ.